ಟಿ.ಸಿ. ಬರದೆ ಟ್ಯಾಂಕಿ ತುಂಬದು: ವಾಟ್ಸಾಪ್, ಗ್ಯಾಂಟ್ ಚಾರ್ಟ್, ಶೀಟು — ಒಂದು ಹೋಲಿಕೆ

ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನ ಒಂದು ಹಳ್ಳಿಗೆ ಕುಡಿಯುವ ನೀರಿನ ಕಾಮಗಾರಿ ನಡೆದಿದೆ ಎಂದು ಹಿಡಿಯೋಣ. ಟ್ಯಾಂಕಿ ಕಟ್ಟುವವರು, ಪೈಪ್‌ಲೈನಿನವರು, ವಿದ್ಯುತ್ತಿನವರು ಮೂರು ಬೇರೆ ತಂಡ, ಮೂವರಿಗೂ ಬೇರೆ ಬೇರೆ ಸಾಹೇಬರು. ಜೂನ್ 1ಕ್ಕೆ ನಲ್ಲಿಯಲ್ಲಿ ನೀರು ಬರಬೇಕು. ಇಂಥ ಕೆಲಸಗಳಲ್ಲಿ ಬಳಸಿ ನೋಡಿದ ಮೂರು ವಿಧಾನಗಳನ್ನು ಇದೇ ಲೆಕ್ಕಕ್ಕೆ ಹಚ್ಚಿ ನೋಡುತ್ತೇವೆ.

ಮೊದಲು ಲೆಕ್ಕ, ಕೊನೆಯಿಂದ ಹಿಂದಕ್ಕೆ. ತುಂಬಿದ ಟ್ಯಾಂಕಿಯ ಸೋರಿಕೆ ಪರೀಕ್ಷೆಗೆ 14 ದಿನ ಇಟ್ಟರೆ ಮೇ 17ರ ಸಂಜೆಗೆ ಟ್ಯಾಂಕಿ ತುಂಬಿರಬೇಕು. ತುಂಬಿಸಲು 2 ದಿನ ಬೇಕು, ಅಂದರೆ ಮೇ 15ಕ್ಕೆ ಪಂಪಿಗೆ ಕರೆಂಟು ಬಂದಿರಬೇಕು. ವಿದ್ಯುತ್ ಟ್ರಾನ್ಸ್‌ಫಾರ್ಮರ್, ಅಂದರೆ ಟಿ.ಸಿ., ಕೂರಿಸಿದ ಮೇಲೆ ತಪಾಸಣೆ, ಮೀಟರು, ಚಾರ್ಜಿಂಗಿಗೆ 10 ದಿನ ಹಿಡಿದರೆ ಟಿ.ಸಿ. ಮೇ 5ಕ್ಕೇ ಬೇಕು. ಟ್ಯಾಂಕಿಯವರಿಗೆ ಟಿ.ಸಿ.ಯವರ ಪರಿಚಯವೇ ಇರುವುದಿಲ್ಲ, ಆದರೂ ಅವರ ಪರೀಕ್ಷೆ ನಿಂತಿರುವುದು ಅದರ ಮೇಲೆಯೇ.

ವಾಟ್ಸಾಪ್ ಗುಂಪಿನಲ್ಲಿ ಈ ನಂಟು ಎಲ್ಲಿಯೂ ಕಾಣುವುದಿಲ್ಲ. ಫೋಟೋ ಬರುತ್ತವೆ, ‘ಎರಡು ದಿನದಾಗ ಆಗ್ತದ್ರಿ ಸರ್’ ಎಂಬ ಉತ್ತರವೂ ಬರುತ್ತದೆ. ಆ ಎರಡು ದಿನ ಯಾವ ತಾರೀಖಿನಿಂದ, ಅದಕ್ಕೆ ಯಾರು ಕಾಯುತ್ತಿದ್ದಾರೆ ಎಂಬುದು ಮರುದಿನದ ಮೆಸೇಜುಗಳ ಕೆಳಗೆ ಹೂತುಹೋಗುತ್ತದೆ. ಅಡ್ಡಿ ಗೊತ್ತಾಗುವುದು ಟ್ಯಾಂಕಿ ತುಂಬಿಸಲು ಹೋದ ದಿನ. ಆದರೂ ಗುಂಪನ್ನು ಬಿಡಬಾರದು, ಸುದ್ದಿ ತಕ್ಷಣ ಮುಟ್ಟಿಸಲು ಅದಕ್ಕಿಂತ ಬೇಗದ ದಾರಿ ಇಲ್ಲ.

ಕೆಲಸಗಳನ್ನು ತಾರೀಖಿನ ಉದ್ದಕ್ಕೂ ಗೆರೆಗಳಾಗಿ ತೋರಿಸುವ ಗ್ಯಾಂಟ್ ಚಾರ್ಟ್, ಕೆಲಸಗಳ ನಂಟನ್ನು ಒಮ್ಮೆ ಜೋಡಿಸಿಟ್ಟರೆ, ಈ ಲೆಕ್ಕವನ್ನು ತಾನೇ ಮಾಡುತ್ತದೆ. ಟಿ.ಸಿ. ತಾರೀಖು ಮೇ 20 ಎಂದು ಬದಲಿಸಿದರೆ ಸಾಕು, ನೀರು ಬರುವ ದಿನ ಜೂನ್ 16ಕ್ಕೆ ಜಾರುತ್ತದೆ. ತೊಂದರೆಯೂ ಅದರಲ್ಲೇ ಇದೆ. ಗೆರೆಗಳೆಲ್ಲ ಸದ್ದಿಲ್ಲದೆ ಬಲಕ್ಕೆ ಸರಿಯುತ್ತವೆ, ಮೊದಲಿನ ಯೋಜನೆಯನ್ನು ಬೇಸ್‌ಲೈನ್ ಆಗಿ ಉಳಿಸಿಡದಿದ್ದರೆ ಎಷ್ಟು ಜಾರಿತೆಂದೂ ಕಾಣುವುದಿಲ್ಲ. ಮೇಲಾಗಿ ಫೈಲು ಸಾಮಾನ್ಯವಾಗಿ ಒಬ್ಬರ ಕಂಪ್ಯೂಟರಿನಲ್ಲಿರುತ್ತದೆ. ಆರಂಭದಲ್ಲಿ ‘ಬೇಕಾದ ತಾರೀಖು’ ತೆಗೆಯಲು ಇದು ಬಹಳ ಒಳ್ಳೆಯದು, ದಿನನಿತ್ಯದ ನಿಗಾಕ್ಕೆ ಅಲ್ಲ.

ನಮ್ಮ ಒಲವು ಎಲ್ಲರೂ ಮೊಬೈಲಿನಲ್ಲಿ ತೆರೆಯಬಹುದಾದ ಗೂಗಲ್ ಶೀಟಿನ ಕಡೆಗೆ. ಅದರಲ್ಲಿ ಎಲ್ಲ ಕೆಲಸಗಳನ್ನು ಬರೆಯಬೇಡಿ, ಒಂದು ತಂಡ ಇನ್ನೊಂದಕ್ಕೆ ಕೊಡಬೇಕಾದದ್ದನ್ನಷ್ಟೇ ಬರೆಯಿರಿ. ಕಾಲಂಗಳು ಏಳು: A ಏನು, B ಕೊಡುವವರು, C ಕಾಯುವವರು, D ಬೇಕಾದ ತಾರೀಖು, E ಒಪ್ಪಿದ ತಾರೀಖು, F ಕೊನೆಯ ಸಲ ಕೇಳಿದ್ದು, G ಮುಗಿದದ್ದು. B, C ಎರಡರಲ್ಲೂ ವ್ಯಕ್ತಿಯ ಹೆಸರಿರಲಿ. ‘ವಿದ್ಯುತ್ ವಿಭಾಗ’ ಎಂದು ಬರೆದರೆ ಫೋನು ಯಾರಿಗೆ ಮಾಡುವುದು? H ಕಾಲಂಗೆ ಈ ಸೂತ್ರ:

```
=IF(G2<>"","ಮುಗಿದಿದೆ",IF(E2="","ತಾರೀಖಿಲ್ಲ",IF(E2>D2,"ಅಡ್ಡಿ",IF(TODAY()-F2>7,"ಕೇಳಿ","ಸರಿ"))))
```

‘ಕೇಳಿ’ ಎಂಬುದೇ ಇದರ ಜೀವ. ತಾರೀಖು ಸರಿಯಿದ್ದರೂ ಏಳು ದಿನಕ್ಕಿಂತ ಹೆಚ್ಚು ಕಾಲ ಯಾರೂ ವಿಚಾರಿಸದ ಮಾತನ್ನು ಅದು ಎತ್ತಿ ತೋರಿಸುತ್ತದೆ. ಸೋಮವಾರ 15 ನಿಮಿಷ ‘ಸರಿ’, ‘ಮುಗಿದಿದೆ’ ಅಲ್ಲದ ಸಾಲುಗಳನ್ನು ಮಾತ್ರ ನೋಡಿದರೆ ಸಾಕು.

ಏಪ್ರಿಲ್ 1ರಂದು ಟಿ.ಸಿ.ಯವರು ‘ಮೇ 20’ ಅಂದರೆ ಆ ದಿನವೇ ಸಾಲು ‘ಅಡ್ಡಿ’ ಆಗುತ್ತದೆ, ಕೈಯಲ್ಲಿ ಇನ್ನೂ 34 ದಿನ ಇರುತ್ತವೆ. ಆಗ ಗುಂಪಿಗೆ ಹೋಗಬೇಕಾದ ಮೆಸೇಜು ಹೀಗಿರಲಿ: ‘ಟಿ.ಸಿ. ಮೇ 5ಕ್ಕೆ ಬೇಕು, ಒಪ್ಪಿದ್ದು ಮೇ 20. ಹೀಗಾದರೆ ನೀರು ಜೂನ್ 16ಕ್ಕೆ. ಮೇ 5ಕ್ಕೆ ಆಗುತ್ತದೋ ಇಲ್ಲವೋ, ಶುಕ್ರವಾರದೊಳಗೆ ತಿಳಿಸಿರಿ.’ ಅಷ್ಟರೊಳಗೆ ಉತ್ತರ ಬರದಿದ್ದರೆ ಎರಡೂ ತಂಡದ ಮೇಲಧಿಕಾರಿಗಳಿಗೆ ಒಟ್ಟಿಗೆ ಫೋನು. ಒಬ್ಬರಿಗೇ ಮಾಡಿದರೆ ಅದು ದೂರು ಹೇಳಿದಂತಾಗುತ್ತದೆ.

‘ಆಗುವುದಿಲ್ಲ’ ಎಂಬ ಉತ್ತರವೂ ಬೇಗ ಬಂದರೆ ಉಪಯೋಗಕ್ಕೆ ಬರುತ್ತದೆ. ಸೋರಿಕೆ ಪರೀಕ್ಷೆಗೆ ಬೇಕಾದದ್ದು ನೀರು, ಕಾಯಂ ಸಂಪರ್ಕವಲ್ಲ. ಜನರೇಟರ್ ಬಾಡಿಗೆಗೆ ತಂದು ಮೇ 16, 17ರಂದು ಟ್ಯಾಂಕಿ ತುಂಬಿಸಿದರೆ ಪರೀಕ್ಷೆ ಮೇ 31ಕ್ಕೆ ಮುಗಿಯುತ್ತದೆ, ಕರೆಂಟು ಮೇ 30ಕ್ಕೆ ಬರುತ್ತದೆ, ಜೂನ್ 1 ಉಳಿಯುತ್ತದೆ. ಜನರೇಟರ್ ಮಾತ್ರ ಪಂಪಿನ ಸ್ಟಾರ್ಟಿಂಗ್ ಕರೆಂಟು ತಡೆಯುವಷ್ಟು ದೊಡ್ಡದಿರಬೇಕು. 50,000 ಲೀಟರಿನ ಟ್ಯಾಂಕಿಯಾದರೆ 5,000 ಲೀಟರಿನ ಹತ್ತು ಟ್ಯಾಂಕರ್ ನೀರೂ ನಡೆಯುತ್ತದೆ.

ಶೀಟು ಕೆಡುವುದು ಎರಡು ಕಡೆ. ಮೊದಲನೆಯದು, E ತಾರೀಖನ್ನು ಅಳಿಸಿ ಹೊಸದು ಬರೆಯುವುದು. ಹಳೆಯದನ್ನು H ಆಚೆಯ ಖಾಲಿ ಕಾಲಂಗೆ ಸರಿಸಿಡಿ, ಎರಡು ಸಲ ಜಾರಿದ ಸಾಲನ್ನು D ಒಳಗಿದ್ದರೂ ‘ಅಡ್ಡಿ’ ಎಂದೇ ಎಣಿಸಿ. ಎರಡನೆಯದು ತಾರೀಖಿನ ರೂಪ. ಶೀಟು ಅಮೆರಿಕದ ಲೆಕ್ಕದಲ್ಲಿದ್ದರೆ 05/06 ಎಂದು ಬರೆದ ಜೂನ್ 5 ಮೇ 6 ಆಗಿ ಕೂರುತ್ತದೆ, ‘ಅಡ್ಡಿ’ಯಾಗಬೇಕಾದ ಸಾಲು ‘ಸರಿ’ ಎಂದು ತೋರಿಸಬಹುದು. ಮೊದಲ ದಿನವೇ `File > Settings > Locale` ತೆರೆದು `India` ಆರಿಸಿ.