ಬಣ್ಣ ಹಾಕಿಸಿದ ಕೂದಲಿಗೆ ಸ್ಯಾಶೆ, ಸೀಗೆಪುಡಿ, ಸಲ್ಫೇಟ್ ಇಲ್ಲದ ಶಾಂಪೂ: ನಾನು ಬಳಸಿ ನೋಡಿದ್ದು

ಮೊದಲ ಸಲ ಪಾರ್ಲರಿನಲ್ಲಿ ಕಡುಗಂದು ಬಣ್ಣ ಹಾಕಿಸಿಕೊಂಡು ಬಂದ ಮರುದಿನ ಭಾನುವಾರ. ರೂಢಿಯಂತೆ ಕೊಬ್ಬರಿ ಎಣ್ಣೆ ಹಚ್ಚಿ, ಗೀಸರಿನ ಸುಡುನೀರಿನಲ್ಲಿ, ಎರಡು ಸ್ಯಾಶೆ ಶಾಂಪೂ ಸುರಿದು ತಲೆ ತೊಳೆದೆ. ಬಿಳಿ ಮಗ್ಗಿನಲ್ಲಿ ಉಳಿದ ನೀರು ಚಹಾದ ಬಣ್ಣಕ್ಕೆ ತಿರುಗಿತ್ತು. ಮೂರನೆಯ ವಾರಕ್ಕೆ ಕಿವಿಯ ಮೇಲಿನ ನರೆಗೂದಲು ತಾಮ್ರದಂತೆ ಕಾಣತೊಡಗಿತು. ಕೊಟ್ಟ 1,800 ರೂಪಾಯಿ ನೆನೆದು ನಿಜಕ್ಕೂ ಹೊಟ್ಟೆ ಉರಿಯಿತು.

ಮುಂದಿನ ಸಲಗಳಲ್ಲಿ ಅದೇ ಪಾರ್ಲರ್, ಅದೇ ಬಣ್ಣ, ಆರು ವಾರಗಳ ಅಂತರ ಇಟ್ಟುಕೊಂಡು ತೊಳೆಯುವ ವಿಧಾನವನ್ನಷ್ಟೇ ಬದಲಿಸಿ ನೋಡಿದೆ. ಹೆಚ್ಚು ನೊರೆ ತಂದು ಜಿಡ್ಡು ತೆಗೆಯುವ ಸಲ್ಫೇಟ್ ಎಂಬ ರಾಸಾಯನಿಕ ಇಲ್ಲದ ಶಾಂಪೂವೇ ಈಗ ನನ್ನ ಸ್ನಾನದ ಮನೆಯಲ್ಲಿದೆ.

ಎರಡನೆಯ ಸಲ ಸೀಗೆಪುಡಿ. ಅಮ್ಮ ಕೊಟ್ಟು ಕಳಿಸಿದ್ದು, ಘಮ ಚೆನ್ನಾಗಿತ್ತು. ಆದರೆ ಜಿಡ್ಡು ಬಿಡಲು ತಲೆಯನ್ನು ಗಸಗಸ ಉಜ್ಜಬೇಕು, ಕೂದಲ ಎಳೆಗಳ ನಡುವೆ ಕೂತ ಪುಡಿ ಹೋಗಲು ಏಳೆಂಟು ಚೊಂಬು ನೀರು ಬೇಕು. ಆ ತಿಕ್ಕಾಟ, ಅಷ್ಟು ನೀರು ಎರಡೂ ಬಣ್ಣಕ್ಕೆ ಆಗಿಬರುವುದಿಲ್ಲ. ನಾಲ್ಕನೆಯ ವಾರಕ್ಕೆ ಹೊಳಪು ಹೋಗಿ ಕೂದಲು ಮಂಕಾಯಿತು. ಬಣ್ಣ ಹಾಕದ ಕೂದಲಿಗೆ ನಾನು ಸೀಗೆಯನ್ನೇ ಆರಿಸುತ್ತೇನೆ.

ಮೂರನೆಯ ಸಲ ಸಲ್ಫೇಟ್ ಇಲ್ಲದ ಶಾಂಪೂ, ಉಗುರುಬೆಚ್ಚಗಿನ ನೀರು. ಬಣ್ಣ ಆರು ವಾರವೂ ನಿಂತಿತು. ಕೊಳ್ಳುವಾಗ ಬಾಟಲಿಯ ಮುಂಭಾಗದ ‘ಕಲರ್ ಪ್ರೊಟೆಕ್ಟ್’ ಎಂಬ ಮಾತನ್ನು ನಂಬಿ ತರಬೇಡಿ. ಹಿಂದಿನ ಪಟ್ಟಿಯಲ್ಲಿ ಸೋಡಿಯಂ ಲಾರಿಲ್ ಸಲ್ಫೇಟ್, ಸೋಡಿಯಂ ಲಾರೆತ್ ಸಲ್ಫೇಟ್ ಎರಡೂ ಇಲ್ಲವೆಂದು ಓದಿ ನೋಡಿ. ‘ಕಲರ್ ಪ್ರೊಟೆಕ್ಟ್’ ಎಂದು ಬರೆದ ಬಾಟಲಿಗಳಲ್ಲೂ ಇವು ಇರುವುದುಂಟು.

ಇದರಲ್ಲಿ ಒಂದೇ ಒಂದು ತೊಂದರೆ ನನ್ನನ್ನು ತಿಂಗಳುಗಟ್ಟಲೆ ಕಾಡಿತು: ಎಣ್ಣೆ ಬಿಡುವುದಿಲ್ಲ. ನೊರೆ ಕಡಿಮೆ, ಅಂಗೈ ತುಂಬ ಎಣ್ಣೆ ಹಚ್ಚಿದ ತಲೆಗೆ ಅದು ಸಾಲುವುದೇ ಇಲ್ಲ. ಒಮ್ಮೆ ತೊಳೆದರೆ ಬೈತಲೆಯ ಬಳಿ ಕೂದಲು ಅಂಟಂಟಾಗಿ ಕೂತಿರುತ್ತಿತ್ತು. ಮತ್ತೊಮ್ಮೆ, ಮಗದೊಮ್ಮೆ ಹಾಕುತ್ತಿದ್ದೆ. ಮೃದುವಾದ ಶಾಂಪೂ ತಂದು ಮೂರು ಸಲ ತೊಳೆದರೆ ತಂದ ಪ್ರಯೋಜನವೇನು? ನೀರು ತಾಗಿದಷ್ಟೂ ಕೂದಲು ಉಬ್ಬುತ್ತದೆ, ಒಳಗಿನ ಬಣ್ಣ ಜಾರಿ ಹೊರಬರುತ್ತದೆ. ಶಾಂಪೂ ಯಾವುದಾದರೂ ಇದು ತಪ್ಪದು.

ಕೊನೆಗೆ ಕೈ ಹಿಡಿದದ್ದು ಕ್ರಮವನ್ನು ತಿರುಗಿಸಿದ್ದು. ಈಗ ಎಣ್ಣೆ ಒಂದು ಚಮಚ ಮಾತ್ರ, ಸ್ನಾನಕ್ಕೆ ಅರ್ಧ ಗಂಟೆ ಮುಂಚೆ. ಎಣ್ಣೆಗೂದಲಿಗೆ ನೀರು ಹಾಕುವ ಮೊದಲೇ ಎರಡು ಚಮಚ ಕಂಡೀಶನರ್ ಸವರಿ ಐದು ನಿಮಿಷ ಬಿಡುತ್ತೇನೆ. ಆಮೇಲೆ ಸ್ವಲ್ಪ ನೀರು ಚಿಮುಕಿಸಿ ಬೆರಳಾಡಿಸಿದರೆ ಅಂಗೈಯಲ್ಲಿ ಮಜ್ಜಿಗೆಯಂತೆ ಬೆಳ್ಳಗಾಗುತ್ತದೆ. ಎಣ್ಣೆ ನೀರಿನೊಡನೆ ಬೆರೆಯಿತೆಂಬುದಕ್ಕೆ ಅದೇ ಗುರುತು. ಅದನ್ನು ತೊಳೆದು, ಎರಡು ಚಮಚದಷ್ಟು ಶಾಂಪೂವನ್ನು ಅರ್ಧ ಮಗ್ಗು ನೀರಿನಲ್ಲಿ ಕದಡಿ ಬುಡಕ್ಕೆ ಮಾತ್ರ ಹಾಕಿದರೆ ಒಂದೇ ಸಲಕ್ಕೆ ಸಾಕು. ತುದಿಗಳಿಗೆ ಇಳಿದು ಬರುವ ನೊರೆಯೇ ಧಾರಾಳ.

ನೀರಿನ ಬಿಸಿ, ಮೊದಲ ದಿನಗಳ ಬಿಡುವು ಎಷ್ಟು ಮುಖ್ಯವೆಂದು ತಿಳಿದದ್ದು ನಾಲ್ಕನೆಯ ಸಲ. ಬೇಕೆಂದೇ ಹಳೆಯ ಸ್ಯಾಶೆಗೆ ಮರಳಿದೆ, ನೀರನ್ನು ಮಾತ್ರ ಉಗುರುಬೆಚ್ಚಗೆ ಇಟ್ಟೆ, ಬಣ್ಣ ಹಾಕಿಸಿ ಮೂರು ದಿನ ತಲೆಗೆ ನೀರು ಮುಟ್ಟಿಸಲಿಲ್ಲ. ಮೂರೇ ವಾರಕ್ಕೆ ಹೋಗಿದ್ದ ಬಣ್ಣ ಐದನೆಯ ವಾರದ ತನಕ ಬಂತು. ಮಣಿಕಟ್ಟಿನ ಒಳಭಾಗಕ್ಕೆ ಸುರಿದಾಗ ಬಿಸಿಯೂ ಅನ್ನಿಸಬಾರದು, ತಣ್ಣಗೂ ಅನ್ನಿಸಬಾರದು, ಅದೇ ಅಳತೆ. ಮೈಗೆ ಸುಡುನೀರೇ ಬೇಕೆಂದರೆ ಬಕೆಟ್ ಬೇರೆ ಮಾಡಿಕೊಳ್ಳಿ. ಚಳಿಗಾಲದಲ್ಲಿ ನಾನೂ ಹಾಗೆಯೇ ಮಾಡುತ್ತೇನೆ.

ಸ್ಕೂಟರಿನಲ್ಲಿ ಓಡಾಡುವವರು ಹೆಲ್ಮೆಟ್ಟಿನ ಕೆಳಗೆ ಇಳಿಬಿದ್ದ ಜಡೆಗೆ ದುಪಟ್ಟಾ ಸುತ್ತಿಕೊಳ್ಳಿ, ಬಿಸಿಲಿಗೂ ಬಣ್ಣ ಮಾಸುತ್ತದೆ.

ಬುಡದಲ್ಲಿ ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುವ ನರೆಗೆ ಯಾವ ಶಾಂಪೂವೂ ಮದ್ದಲ್ಲ. ಆಗ ಬುಡಕ್ಕಷ್ಟೇ ಹಾಕಿಸಿ. ಪ್ರತಿ ಸಲ ತುದಿಯವರೆಗೂ ಎಳೆದರೆ ತುದಿಗಳು ಕಪ್ಪಗಟ್ಟಿ ಒರಟಾಗುತ್ತವೆ.

ವಾರಕ್ಕೆ ಎರಡು ಸಲ ತಲೆ ತೊಳೆಯುವ ನನಗೆ 550 ರೂಪಾಯಿಯ 250 ಮಿಲಿ ಬಾಟಲಿ ಮೂರು ತಿಂಗಳು ಬರುತ್ತದೆ, ಒಂದು ತೊಳೆತಕ್ಕೆ 22 ರೂಪಾಯಿ. ಬುಡಕ್ಕೆ ಮಾತ್ರ ಹಾಕಿಸಲು ಪಾರ್ಲರಿನಲ್ಲಿ 900 ಸಾಕಾಗುವುದರಿಂದ ಅದು ನನಗೆ ಗಿಟ್ಟುತ್ತದೆ. ದಿನಾ ತಲೆಗೆ ನೀರು ಹಾಕಿಕೊಳ್ಳುವವರು ಮೊದಲು ಅದನ್ನು ಎರಡು ದಿನಕ್ಕೊಮ್ಮೆಗೆ ಇಳಿಸಿ, ನೀರು ತಣಿಸಿಕೊಂಡು ನೋಡಲಿ, ಬಾಟಲಿಯ ಮಾತು ಆಮೇಲೆ.