ಜೀರೋ ಡೆಪ್ ಇಲ್ಲ ಅಂದ ಮಾತ್ರಕ್ಕೆ ಎಲ್ಲದರಲ್ಲೂ ಅರ್ಧ ಹಿಡಿಯುವಂತಿಲ್ಲ: ಕಾರಿನ ಕ್ಲೇಮ್ ಹಾಕಿದವರು ಓದಿ

ಕಾರು ಗ್ಯಾರೇಜಿನಲ್ಲಿದೆ, ವಿಮಾ ಕಂಪನಿಗೆ ಕ್ಯಾಶ್‌ಲೆಸ್ ಕ್ಲೇಮ್ ಹಾಕಿದ್ದೀರಿ, ನಷ್ಟದ ಲೆಕ್ಕ ಹಾಕುವ ಸರ್ವೇಯರ್ ಬಂದು ಹೋಗಿದ್ದಾರೆ. ನೀವು ಈ ಹಂತದಲ್ಲಿದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ. ನನ್ನಿಂದ 13,400 ರೂಪಾಯಿ ಜಾಸ್ತಿ ಕಟ್ಟಿಸಿಕೊಂಡರು. ಅದೂ "ರೂಲ್ಸೇ ಹೀಗೆ ಸರ್" ಅಂತ ನಗುನಗುತ್ತಾ ಹೇಳಿ.

ಮುಂದಿದ್ದ ಲಾರಿ ದಿಢೀರನೆ ನಿಂತಿತು, ನನ್ನ ಕಾರಿನ ಮುಂಭಾಗ ಹೋಯಿತು. ಬಂಪರ್, ಒಂದು ಹೆಡ್‌ಲ್ಯಾಂಪ್, ಬಾನೆಟ್, ಒಂದು ಫೆಂಡರ್, ಮುಂದಿನ ಗಾಜು. ಕಾರಿಗೆ ಎರಡು ವರ್ಷ ಎಂಟು ತಿಂಗಳು. ಪಾಲಿಸಿಯಲ್ಲಿ ಜೀರೋ ಡೆಪ್ರಿಸಿಯೇಷನ್, ಅಂದರೆ ಸವಕಳಿ ಹಿಡಿಯದಂತೆ ತೆಗೆದುಕೊಳ್ಳುವ ಆಡ್‌ಆನ್, ಇರಲಿಲ್ಲ. ಹಾಗಾಗಿ ಭಾಗಗಳು ಹಳೆಯದಾದ ಲೆಕ್ಕಕ್ಕೆ ಸವಕಳಿ ಅಂತ ಸ್ವಲ್ಪ ಹಿಡಿಯುತ್ತಾರೆ, ಅದು ನನಗೆ ಗೊತ್ತಿತ್ತು. ಅದಕ್ಕೆ ನನ್ನ ತಕರಾರೂ ಇಲ್ಲ. ತಕರಾರು ಇರುವುದು ಹಿಡಿದ ಲೆಕ್ಕದ ಮೇಲೆ.

ಒಟ್ಟು ಬಿಲ್ 58,000. ಡೆಲಿವರಿ ದಿನ ಗ್ಯಾರೇಜಿನವರು "ಡಿಒ ಬಂದಿದೆ ಸರ್, ನಿಮ್ಮ ಪಾಲು 25,500" ಅಂದರು. ಡಿಒ ಅಂದರೆ ಕಂಪನಿ ತಾನು ಎಷ್ಟು ಕೊಡುತ್ತೇನೆ ಅಂತ ಗ್ಯಾರೇಜಿಗೆ ಕಳಿಸುವ ಡೆಲಿವರಿ ಆರ್ಡರ್. ನಾನು ಹತ್ತು, ಹನ್ನೆರಡು ಸಾವಿರ ಅಂದುಕೊಂಡು ಹೋಗಿದ್ದೆ. ಜೊತೆಗೆ ಹೆಂಡತಿ, ಮಕ್ಕಳು. ಕೌಂಟರ್ ಮುಂದೆ ಬೇರೆ ಗ್ರಾಹಕರೂ ನಿಂತಿದ್ದರು. ಅಷ್ಟು ಜನರ ಎದುರು ಭಾವನಿಗೆ ಫೋನ್ ಮಾಡಿ "ಸ್ವಲ್ಪ ದುಡ್ಡು ಹಾಕಿ" ಅಂತ ಕೇಳಬೇಕಾಯಿತು. ಆ ಅವಮಾನ ಈಗಲೂ ಹೋಗಿಲ್ಲ. ದುಡ್ಡು ಕಟ್ಟದೆ ಕಾರು ಬಿಡುವುದಿಲ್ಲ ಅಂದರು, ಕಟ್ಟಿದೆ. ಆದರೆ ಸಹಿ ಹಾಕಿಸಿಕೊಳ್ಳುವ ಕಾಗದದ ಮೇಲೆ "ಸವಕಳಿ ಲೆಕ್ಕಕ್ಕೆ ಆಕ್ಷೇಪಣೆ ಇದೆ" ಅಂತ ಬರೆದೇ ಸಹಿ ಹಾಕಿದೆ. ಕೌಂಟರ್‌ನಲ್ಲಿದ್ದವರು "ಹಾಗೆಲ್ಲ ಬರೆಯಬಾರದು ಸರ್" ಅಂದರು. ಯಾಕೆ ಬರೆಯಬಾರದು? ಬರೆಯಿರಿ. ಬರೆದು ಮೊಬೈಲ್‌ನಲ್ಲಿ ಫೋಟೋ ತೆಗೆದುಕೊಳ್ಳಿ.

ಮನೆಗೆ ಬಂದು ಸರ್ವೇ ರಿಪೋರ್ಟ್ ಬೇಕು ಅಂತ ವಿಮಾ ಕಂಪನಿಗೆ ಮೇಲ್ ಹಾಕಿದೆ. ಮೊದಲು "ಅದು ಆಫೀಸಿನ ಕಾಗದ" ಅಂದರು. ಕ್ಲೇಮ್ ನನ್ನದು, ರಿಪೋರ್ಟ್ ಪ್ರತಿ ಕೇಳುವ ಹಕ್ಕು ನನಗಿದೆ ಅಂತ ಮತ್ತೆ ಬರೆದ ಮೇಲೆ ಕಳಿಸಿದರು. ತೆರೆದು ನೋಡಿದಾಗ ಮೈ ಉರಿದುಹೋಯಿತು. ಕೂಲಿಯೊಂದನ್ನು ಬಿಟ್ಟು ಪ್ರತಿಯೊಂದು ಸಾಲಿನಲ್ಲೂ 50 ಪರ್ಸೆಂಟ್. ಬಂಪರ್‌ಗೂ 50, ಉಕ್ಕಿನ ಬಾನೆಟ್‌ಗೂ 50, ಗಾಜಿಗೂ 50, ಪೇಂಟಿಂಗ್‌ಗೂ 50. ಯಾವ ಭಾಗ ಯಾವುದರಿಂದ ಮಾಡಿದ್ದು ಅಂತ ನೋಡುವ ಗೋಜಿಗೇ ಹೋಗಿಲ್ಲ.

ನಮಗೆ ಮೇಲ್‌ನಲ್ಲಿ ಬರುವ ಎರಡು ಮೂರು ಪುಟದ ಪಾಲಿಸಿಯಲ್ಲಿ ಸವಕಳಿ ಪಟ್ಟಿ ಇರುವುದಿಲ್ಲ. ಪಾಲಿಸಿ ವರ್ಡಿಂಗ್ ಅಂತ ಬೇರೆ ದಾಖಲೆ ಇರುತ್ತದೆ, ಅದರ ಮೊದಲ ಸೆಕ್ಷನ್‌ನಲ್ಲೇ ಇದೆ. ರಬ್ಬರ್, ನೈಲಾನ್, ಪ್ಲಾಸ್ಟಿಕ್ ಭಾಗಗಳು, ಟೈರು, ಟ್ಯೂಬು, ಬ್ಯಾಟರಿ, ಏರ್‌ಬ್ಯಾಗ್‌ಗೆ 50 ಪರ್ಸೆಂಟ್. ಫೈಬರ್ ಗ್ಲಾಸ್‌ಗೆ 30. ಗಾಜಿಗೆ ಸೊನ್ನೆ. ಹೌದು, ಸೊನ್ನೆ. ಉಳಿದ ಭಾಗಗಳಿಗೆ, ಅಂದರೆ ಲೋಹದ ಭಾಗಗಳಿಗೆಲ್ಲ, ಗಾಡಿಯ ವಯಸ್ಸಿನ ಪ್ರಕಾರ. ಆರು ತಿಂಗಳೊಳಗೆ ಏನೂ ಇಲ್ಲ, ಒಂದು ವರ್ಷದವರೆಗೆ 5, ಎರಡರವರೆಗೆ 10, ಮೂರರವರೆಗೆ 15. ಆಮೇಲೆ ಏರುತ್ತಾ ಹೋಗಿ ಐದರಿಂದ ಹತ್ತು ವರ್ಷದ ಗಾಡಿಗೆ 40. ಕೂಲಿಗೆ ಸವಕಳಿ ಇಲ್ಲ.

ಈಗ ನನ್ನ ಲೆಕ್ಕ ನೋಡಿ. ಬಂಪರ್ 6,000, ಅದು ಪ್ಲಾಸ್ಟಿಕ್, 3,000 ಹಿಡಿದಿದ್ದು ಸರಿ. ಹೆಡ್‌ಲ್ಯಾಂಪ್ 9,000, ಅದರ ಮುಂಭಾಗ ನೋಡಲು ಗಾಜಿನ ಹಾಗಿದ್ದರೂ ಪ್ಲಾಸ್ಟಿಕ್ಕೇ, 4,500 ಹಿಡಿದಿದ್ದಕ್ಕೆ ನಾನು ಜಗಳ ಮಾಡಲಿಲ್ಲ. ಬಾನೆಟ್ 10,000. ಹಿಡಿಯಬೇಕಾಗಿದ್ದು 1,500, ಹಿಡಿದಿದ್ದು 5,000. ಫೆಂಡರ್ 4,000. ಹಿಡಿಯಬೇಕಾಗಿದ್ದು 600, ಹಿಡಿದಿದ್ದು 2,000. ಗಾಜು 8,000. ಒಂದು ಪೈಸೆಯೂ ಹಿಡಿಯುವಂತಿಲ್ಲ, ಹಿಡಿದಿದ್ದು 4,000.

ಪೇಂಟಿಂಗ್‌ನಲ್ಲಿ ಎಲ್ಲರೂ ಮೋಸ ಹೋಗುತ್ತಾರೆ, ಯಾಕೆಂದರೆ ಅಲ್ಲಿ 50 ಅನ್ನುವ ಸಂಖ್ಯೆ ನಿಜವಾಗಿಯೂ ಇದೆ. ಆದರೆ ಅದು ಬಣ್ಣದ ಸಾಮಾನಿಗೆ ಮಾತ್ರ, ಬಳಿಯುವ ಕೂಲಿಗಲ್ಲ. ಬಿಲ್‌ನಲ್ಲಿ ಎರಡನ್ನೂ ಸೇರಿಸಿ ಒಂದೇ ಮೊತ್ತ ಹಾಕಿದ್ದರೆ, ಅದರ 25 ಪರ್ಸೆಂಟನ್ನು ಸಾಮಾನಿನ ಬೆಲೆ ಅಂತ ಇಟ್ಟುಕೊಳ್ಳಬೇಕು ಅಂತ ಪಾಲಿಸಿಯೇ ಹೇಳುತ್ತದೆ. ನನ್ನ ಪೇಂಟಿಂಗ್ ಬಿಲ್ 12,000. ಸಾಮಾನು 3,000, ಅದರಲ್ಲಿ ಅರ್ಧ 1,500. ಇವರು 12,000ದಲ್ಲೇ ಅರ್ಧ ಎತ್ತಿದರು, 6,000.

ಎಲ್ಲ ಸೇರಿ 11,100 ಹಿಡಿಯಬೇಕಿದ್ದಲ್ಲಿ 24,500 ಹಿಡಿದಿದ್ದಾರೆ. ಇದರ ಮೇಲೆ ಪ್ರತಿ ಕ್ಲೇಮಿನಲ್ಲೂ ನಾವೇ ಕಟ್ಟಬೇಕಾದ ಕಡ್ಡಾಯ ಕಡಿತ 1,000, 1500 ಸಿಸಿವರೆಗಿನ ಕಾರಿಗೆ ಅದು ಇದ್ದೇ ಇರುತ್ತದೆ. ನನ್ನ ಪಾಲು 12,100 ಆಗಬೇಕಿತ್ತು. ಕಟ್ಟಿಸಿಕೊಂಡಿದ್ದು 25,500.

ಸರ್ವೇಯರ್‌ಗೆ ಫೋನ್ ಮಾಡಿದೆ. "ನಿಮಗೆ ಜೀರೋ ಡೆಪ್ ಇಲ್ಲವಲ್ಲ ಸರ್." ಗೊತ್ತು ಸ್ವಾಮಿ, ಇಲ್ಲ. ಬಾನೆಟ್ ಯಾವಾಗ ಪ್ಲಾಸ್ಟಿಕ್ ಆಯಿತು ಅಂತ ಕೇಳಿದೆ. "ಅದರಲ್ಲಿ ರಬ್ಬರ್ ಬೀಡಿಂಗ್ ಬರುತ್ತೆ ಸರ್, ಅಸೆಂಬ್ಲಿ ಅಂತ ತಗೋತೀವಿ." ಗಾಜಿಗೆ ಯಾಕೆ? "ಅದಕ್ಕೂ ರಬ್ಬರ್ ಇರುತ್ತೆ." ಬೀಡಿಂಗ್ ಬಿಲ್‌ನಲ್ಲಿ ಬೇರೆ ಸಾಲಿನಲ್ಲೂ ಇಲ್ಲ, ಅದಕ್ಕೆ ಬೆಲೆಯೂ ಹಾಕಿಲ್ಲ! ಒಂದು ರಬ್ಬರ್ ಪಟ್ಟಿ ತೋರಿಸಿ ಇಡೀ ಬಾನೆಟ್ಟನ್ನೇ ರಬ್ಬರ್ ಮಾಡುತ್ತಾರೆ ಅಂದರೆ ಏನು ಹೇಳುವುದು? ಕೊನೆಗೆ "ಸಿಸ್ಟಮ್ ಹಾಗೇ ತಗೊಳ್ಳುತ್ತೆ ಸರ್, ಎಲ್ಲರಿಗೂ ಹೀಗೇ, ಯಾರೂ ಕೇಳಲ್ಲ" ಅಂದರು. ಯಾರೂ ಕೇಳಲ್ಲ. ಈ ಮಾತಿಗೇ ನನಗೆ ತಡೆಯಲಾರದಷ್ಟು ಸಿಟ್ಟು ಬಂದಿದ್ದು. ಯಾರೂ ಕೇಳುವುದಿಲ್ಲ ಅಂತ ಗೊತ್ತಿದ್ದೇ ಮಾಡುತ್ತಾರೆ.

ಕಂಪನಿಗೆ ಮೇಲ್ ಹಾಕಿದರೆ "ಪಾಲಿಸಿ ನಿಯಮಗಳ ಪ್ರಕಾರ ಇತ್ಯರ್ಥವಾಗಿದೆ" ಅನ್ನುವ ಒಂದೇ ಸಾಲು. ಮತ್ತೆ ಬರೆದರೆ ಮತ್ತೆ ಅದೇ ಸಾಲು. ಆಮೇಲೆ ನಾನು ದೂರು ಹೇಳುವುದನ್ನು ಬಿಟ್ಟು ಪ್ರಶ್ನೆ ಕೇಳಲು ಶುರು ಮಾಡಿದೆ. ಪ್ರತಿ ಭಾಗದ ಎದುರು ಅದು ಯಾವುದರಿಂದ ಮಾಡಿದ್ದು, ಪಾಲಿಸಿಯ ಪಟ್ಟಿಯಲ್ಲಿ ಎಷ್ಟಿದೆ, ನೀವು ಎಷ್ಟು ಹಿಡಿದಿದ್ದೀರಿ, ವ್ಯತ್ಯಾಸ ಎಷ್ಟು. ಪಾಲಿಸಿಯ ಆ ಪುಟ, ಬಿಡಿಭಾಗಗಳ ಬಿಲ್, ಹಳೆಯ ಬಾನೆಟ್‌ಗೆ ಅಯಸ್ಕಾಂತ ಅಂಟಿಸಿ ತೆಗೆದ ಫೋಟೋ, ಎಲ್ಲ ಸೇರಿಸಿ ಕಂಪನಿಯ ಕುಂದುಕೊರತೆ ಅಧಿಕಾರಿಗೆ ಕಳಿಸಿದೆ. ಅದನ್ನೇ ವಿಮಾ ಕಂಪನಿಗಳನ್ನು ನಿಯಂತ್ರಿಸುವ ಐಆರ್‌ಡಿಎಐನ ಬಿಮಾ ಭರೋಸಾ ದೂರು ಪೋರ್ಟಲ್‌ನಲ್ಲೂ ಹಾಕಿದೆ. ಆಗ ಧಾಟಿ ಬದಲಾಯಿತು. "ಮರುಪರಿಶೀಲನೆ ಮಾಡಿದ್ದೇವೆ" ಅಂತ ಬಾನೆಟ್, ಫೆಂಡರ್, ಗಾಜಿನ 8,900 ಖಾತೆಗೆ ಬಂತು. ಕ್ಷಮೆ ಇಲ್ಲ, ವಿವರಣೆ ಇಲ್ಲ.

ಹಳೆಯ ಭಾಗಗಳನ್ನು ಗ್ಯಾರೇಜಿನವರು ಸಾಗಿಸುವ ಮೊದಲೇ ಫೋಟೋ ತೆಗೆದುಕೊಳ್ಳಿ. ಪೇಂಟಿಂಗ್ ಬಿಲ್‌ನಲ್ಲಿ ಸಾಮಾನು, ಕೂಲಿ ಬೇರೆ ಬೇರೆ ಹಾಕಿಸಿದರೆ ಒಳ್ಳೆಯದು, ಹಾಕದಿದ್ದರೆ 25 ಪರ್ಸೆಂಟ್ ನಿಯಮ ಹಿಡಿದು ಕೇಳಿ. ಫೋನ್‌ನಲ್ಲಿ ಮಾತಾಡಬೇಡಿ. ಅಲ್ಲಿ ಅವರು ಹೇಳಿದ್ದಕ್ಕೆಲ್ಲ ಆಮೇಲೆ ದಾಖಲೆ ಇರುವುದಿಲ್ಲ.

ಪೇಂಟಿಂಗ್‌ನ 4,500 ಇನ್ನೂ ಕೊಟ್ಟಿಲ್ಲ. "ಬಣ್ಣಕ್ಕೆ 50 ಅಂತ ಪಾಲಿಸಿಯಲ್ಲೇ ಇದೆ" ಅಂತ ಬರೆದಿದ್ದಾರೆ. ಅದರ ಪಕ್ಕದ ಸಾಲನ್ನೇ ಓದುವುದಿಲ್ಲ! ಕಂಪನಿ ಹೀಗೆ ತಿರಸ್ಕರಿಸಿದ ಒಂದು ವರ್ಷದೊಳಗೆ, ಗ್ರಾಹಕರ ವಿಮಾ ದೂರುಗಳನ್ನು ತೀರ್ಮಾನಿಸುವ ವಿಮಾ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಶುಲ್ಕ ಇಲ್ಲ, ವಕೀಲರೂ ಬೇಕಿಲ್ಲ. ಕರ್ನಾಟಕದವರಿಗೆ ಕಚೇರಿ ಬೆಂಗಳೂರಿನಲ್ಲಿದೆ. ನನ್ನ ಅರ್ಜಿ ಸಿದ್ಧವಾಗಿದೆ, ಈ ವಾರ ಕಳಿಸುತ್ತಿದ್ದೇನೆ.