ರೇಖಾನಕ್ಷೆ: ಅಗಲವೋ, ಎತ್ತರವೋ?

ಮಲ್ಪೆಯಲ್ಲಿ ಬಂಗುಡೆಯ ದರ ಒಂದು ವರ್ಷದಲ್ಲಿ ಕಿಲೋಗೆ 160 ರೂಪಾಯಿಯಿಂದ 240ಕ್ಕೆ ಒಂದೇ ಸಮನೆ ಏರಿತು ಎಂದಿಟ್ಟುಕೊಳ್ಳಿ. ಅದರ ರೇಖಾನಕ್ಷೆಯಲ್ಲಿ ಗೆರೆ ಚೌಕಟ್ಟಿನ ಮೂಲೆಯಿಂದ ಮೂಲೆಗೆ ಹೋಗುತ್ತದೆ. ಅಗಲವು ಎತ್ತರದ ಮೂರು ಪಟ್ಟಿದ್ದರೆ ಅದರ ಓರೆ ಸುಮಾರು 18 ಡಿಗ್ರಿ. ಕೊಳ್ಳುವವರು ನೋಡಿ ಸುಮ್ಮನಾಗುತ್ತಾರೆ. ಮೊಬೈಲ್ ಪರದೆಗೆಂದು ಎತ್ತರವನ್ನೇ ಅಗಲದ ಮೂರು ಪಟ್ಟು ಮಾಡಿದರೆ ಅದು ಸುಮಾರು 72 ಡಿಗ್ರಿಯಾಗಿ, ದರ ಗಗನಕ್ಕೇರಿದಂತೆ ಕಾಣುತ್ತದೆ. ಅಕ್ಷದ ಅಂಕಿ ಒಂದೂ ಬದಲಾಗಿರುವುದಿಲ್ಲ.

ಇಂಥ ಒಂಟಿ ಏರಿಕೆಗೆ ನಾನು ಚೌಕಕ್ಕೆ ಹತ್ತಿರದ ಆಕಾರವನ್ನೇ ಆರಿಸುತ್ತೇನೆ. ಗೆರೆಯ ತುಂಡುಗಳ ಓರೆ ಸರಾಸರಿ 45 ಡಿಗ್ರಿಯ ಆಸುಪಾಸಿನಲ್ಲಿದ್ದರೆ ಅವುಗಳ ನಡುವಿನ ವ್ಯತ್ಯಾಸ ಕಣ್ಣಿಗೆ ಚೆನ್ನಾಗಿ ತಿಳಿಯುತ್ತದೆ ಎಂದು ಸಂಖ್ಯಾಶಾಸ್ತ್ರಜ್ಞ ವಿಲಿಯಂ ಕ್ಲೀವ್‌ಲ್ಯಾಂಡ್ ಮತ್ತು ಸಂಗಡಿಗರು 1988ರಲ್ಲಿ ವಾದಿಸಿದ್ದರು.

ಐದು ವರ್ಷಗಳ ವಾರದ ದರವಾದರೆ ಮಾತು ಬೇರೆ. ಮಳೆಗಾಲದ ಮೀನುಗಾರಿಕೆ ನಿಷೇಧದಲ್ಲಿ ದರ ಥಟ್ಟನೆ ಏರಿ, ದೋಣಿಗಳು ಕಡಲಿಗಿಳಿದ ಮೇಲೆ ನಿಧಾನವಾಗಿ ಇಳಿಯುತ್ತದೆ ಎನ್ನೋಣ. ಎತ್ತರದ ನಕ್ಷೆಯಲ್ಲಿ ಏರೂ ಇಳಿತವೂ ಕಡಿದಾದ ಗರಗಸದ ಹಲ್ಲುಗಳೇ; ಯಾವುದು ವೇಗ ಎಂದು ಹೇಳಲಾಗದು. ಅಗಲಿಸಿದಾಗ ಆ ಅಂತರ ಬಿಡಿಸಿಕೊಳ್ಳುತ್ತದೆ, ಆದರೆ ಐದು ವರ್ಷಗಳ ಒಟ್ಟು ಏರಿಕೆ ಚಪ್ಪಟೆಯಾಗುತ್ತದೆ. ಎರಡೂ ಬೇಕೆಂದರೆ ವಾರ್ಷಿಕ ಸರಾಸರಿಗೆ ಪ್ರತ್ಯೇಕ ನಕ್ಷೆ ಬರೆಯಿರಿ.